ವಜಾ ಆದೇಶದ ವಿರುದ್ಧ ಗಾರ್ಡ್ ಬರೆಯುವ ಮೇಲ್ಮನವಿ

ಕೆಲಸ ಕಳೆದುಕೊಂಡ ಸೆಕ್ಯುರಿಟಿ ಗಾರ್ಡ್ ಮೇಲ್ಮನವಿ ಬರೆಯಲು ಕೂತರೆ ಮೊದಲು ನೆನಪಾಗುವುದು ಮನೆಯ ಕಷ್ಟ. ಮಕ್ಕಳ ಫೀಸು, ಸಾಲ, ಹೆಂಡತಿಯ ಕಾಯಿಲೆ ಎಲ್ಲವೂ ನಿಜ. ಆದರೆ ಅದನ್ನಷ್ಟೇ ಬರೆದರೆ ಆರೋಪವನ್ನು ಒಪ್ಪಿಕೊಂಡು ದಯೆ ಕೇಳಿದಂತಾಗುತ್ತದೆ. ಮೇಲ್ಮನವಿಯ ಬಲವಿರುವುದು ವಿಚಾರಣೆಯ ಕಡತದಲ್ಲಿ.

ಒಂದು ಕಲ್ಪಿತ ಪ್ರಕರಣ ನೋಡೋಣ. ಗೋದಾಮೊಂದರ ರಾತ್ರಿ ಪಾಳಿಯ ಗಾರ್ಡ್ ಮೇಲೆ ಎರಡು ಆರೋಪ: ಕರ್ತವ್ಯದ ವೇಳೆ ನಿದ್ದೆ ಮಾಡಿದ್ದು ಮತ್ತು ತಾಮ್ರದ ಕೇಬಲ್ ಹೊತ್ತ ಟೆಂಪೊವನ್ನು ಗೇಟಿನಿಂದ ಹೊರಗೆ ಬಿಟ್ಟಿದ್ದು. ಸೂಪರ್‌ವೈಸರ್ ಲಿಖಿತ ವರದಿ ಕೊಟ್ಟರೇ ಹೊರತು ವಿಚಾರಣೆಗೆ ಬರಲಿಲ್ಲ. ವಿಚಾರಣಾಧಿಕಾರಿ ಆ ವರದಿಯನ್ನೇ ನಂಬಿ ಎರಡೂ ಆರೋಪ ಸಾಬೀತು ಎಂದರು. ಗಾರ್ಡ್‌ಗೆ ವಿಚಾರಣಾ ವರದಿಯ ಪ್ರತಿ ಸಿಗಲಿಲ್ಲ, ನೇರವಾಗಿ ವಜಾ ಆದೇಶ ಬಂತು. ‘ಈ ಹಿಂದೆ ಎರಡು ಬಾರಿ ಎಚ್ಚರಿಕೆ ನೀಡಿದ್ದನ್ನೂ ಪರಿಗಣಿಸಿ’ ಎಂಬ ಸಾಲು ಮೊದಲ ಬಾರಿ ಕಾಣಿಸಿಕೊಂಡದ್ದು ಆ ಆದೇಶದಲ್ಲೇ.

ಇಲ್ಲಿ ಹಿಡಿಯಬೇಕಾದ ಮೊದಲ ಎಳೆ ವಿಚಾರಣಾ ವರದಿ. ಶಿಕ್ಷೆ ವಿಧಿಸುವ ಮೊದಲೇ ಅದರ ಪ್ರತಿ ಕೊಟ್ಟು ಉತ್ತರಿಸಲು ಅವಕಾಶ ನೀಡಬೇಕೆಂದು ಸುಪ್ರೀಂ ಕೋರ್ಟ್ 1993ರ ಕರುಣಾಕರ್ ಪ್ರಕರಣದಲ್ಲಿ ಹೇಳಿದೆ. ನೌಕರ ಕೇಳದಿದ್ದರೂ ಕೊಡಬೇಕು, ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಆದರೆ ‘ಪ್ರತಿ ಕೊಡಲಿಲ್ಲ’ ಎಂದಷ್ಟೇ ಬರೆದು ನಿಲ್ಲಿಸಬಾರದು, ಕೊಡದೆ ಇದ್ದುದರಿಂದ ತನಗೆ ಏನು ನಷ್ಟವಾಯಿತು ಎಂಬುದನ್ನು ತೋರಿಸಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ನಮ್ಮ ಗಾರ್ಡ್ ಹೀಗೆ ಬರೆಯಬಹುದು:

“ಟೆಂಪೊ ಹೊರಹೋದದ್ದು ರಾತ್ರಿ 9.40ಕ್ಕೆ ಎಂದು ಗೇಟ್ ರಿಜಿಸ್ಟರ್‌ನಲ್ಲಿದೆ. ಆ ನಮೂದು ನನ್ನ ಕೈಬರಹದ್ದಲ್ಲ, ಹಿಂದಿನ ಪಾಳಿಯವರದ್ದು. ನಾನು ಚಾರ್ಜ್ ತೆಗೆದುಕೊಂಡದ್ದು 10 ಗಂಟೆಗೆ. ಇದನ್ನು ವಿಚಾರಣೆಯಲ್ಲಿ ಹೇಳಿದ್ದರೂ ವರದಿಯಲ್ಲಿ ಒಂದಕ್ಷರವಿಲ್ಲವೆಂದು ಈಗ ತಿಳಿದಿದೆ. ವರದಿ ಮೊದಲೇ ಸಿಕ್ಕಿದ್ದರೆ ಈ ಲೋಪವನ್ನು ತೋರಿಸುತ್ತಿದ್ದೆ.”

ಇಂಥ ಪ್ಯಾರಾ ಬರೆಯಲು ವರದಿ ಕೈಯಲ್ಲಿರಬೇಕಲ್ಲ? ಆದ್ದರಿಂದ ವಜಾ ಆದೇಶ ಸಿಕ್ಕ ಕೂಡಲೇ ವಿಚಾರಣಾ ವರದಿ, ದಿನವಹಿ ನಡಾವಳಿ ಮತ್ತು ಸಾಕ್ಷಿ ಹೇಳಿಕೆಗಳ ಪ್ರತಿಯನ್ನು ಲಿಖಿತವಾಗಿ ಕೇಳಬೇಕು. ಕೊಡದಿದ್ದರೆ ಆ ಅರ್ಜಿಯ ಸ್ವೀಕೃತಿಯೇ ಮೇಲ್ಮನವಿಗೆ ಲಗತ್ತು.

ಎರಡನೆಯದು ಸೂಪರ್‌ವೈಸರ್‌ನ ವರದಿ. ಬರೆದವರೇ ಬಂದು ಸಾಕ್ಷಿ ನುಡಿಯದೆ, ಪಾಟೀಸವಾಲಿಗೆ ಸಿಗದೆ ಕಾಗದವನ್ನು ಕಡತಕ್ಕೆ ಸೇರಿಸಿದರೆ ಆರೋಪ ಸಾಬೀತಾಗುವುದಿಲ್ಲ. ಬ್ಯಾಂಕ್ ನೌಕರ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ‘ಸಂದೇಹಾತೀತ ಸಾಕ್ಷ್ಯವಿಲ್ಲ’ ಎಂದು ವಾದಿಸುವುದು ಮಾತ್ರ ವ್ಯರ್ಥ. ಅದು ಕ್ರಿಮಿನಲ್ ಕೋರ್ಟಿನ ಅಳತೆ, ಇಲ್ಲಿ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದಾದರೆ ಸಾಕು.

ಹಳೆಯ ಎಚ್ಚರಿಕೆಗಳ ವಿಷಯಕ್ಕೆ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಮಂಚೇಗೌಡ ಪ್ರಕರಣ ನೆರವಾಗುತ್ತದೆ. ಅದು ಸರ್ಕಾರಿ ನೌಕರನದು. ಹಿಂದಿನ ದಾಖಲೆಯನ್ನು ಶಿಕ್ಷೆಗೆ ಆಧಾರ ಮಾಡಿಕೊಳ್ಳುವುದಾದರೆ ಅದನ್ನು ಮೊದಲೇ ನೋಟಿಸಿನಲ್ಲಿ ತಿಳಿಸಬೇಕು ಎಂಬ ತತ್ವ ಅಲ್ಲಿಯದು.

ನಿದ್ದೆಯ ಆರೋಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಿದ್ದೆ ಮಾಡಿ ಸಿಕ್ಕಿಬಿದ್ದ ಕಾರ್ಖಾನೆ ಹೆಲ್ಪರ್‌ನ ವಜಾವನ್ನು 2005ರ ಭಾರತ್ ಫೋರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅವನಿಗೆ ಹಿಂದೆಯೂ ಶಿಕ್ಷೆಗಳಾಗಿದ್ದವು. ಕಾಯುವುದೇ ಕೆಲಸವಾದ ಗಾರ್ಡ್‌ಗೆ ಇದು ಇನ್ನೂ ಬಿಗಿ. ಹಾಗಾಗಿ ಸತತ ಡಬಲ್ ಡ್ಯೂಟಿ ಹಾಕಿದ್ದರೆ ಹಾಜರಾತಿ ಪುಸ್ತಕದ ದಿನಾಂಕಗಳ ಸಮೇತ ಬರೆಯಬೇಕು. ಕೊನೆಯಲ್ಲಿ, ‘ಆರೋಪ ನಿಜವೆಂದೇ ಇಟ್ಟುಕೊಂಡರೂ ವಜಾ ಅತಿಯಾದ ಶಿಕ್ಷೆ’ ಎಂದು ಪರ್ಯಾಯವಾಗಿ ಹೇಳಿ, ಸೇವೆಯ ವರ್ಷಗಳನ್ನೂ ಮನೆಯ ಸ್ಥಿತಿಯನ್ನೂ ತರಬಹುದು. ಕೋರಿಕೆ ಸ್ಪಷ್ಟವಾಗಿರಲಿ: ಆದೇಶ ರದ್ದು, ಹಿಂಬಾಕಿ ವೇತನದೊಂದಿಗೆ ಮರುನೇಮಕ, ಇಲ್ಲವಾದರೆ ಕಡಿಮೆ ಶಿಕ್ಷೆ, ಖುದ್ದಾಗಿ ಹೇಳಿಕೊಳ್ಳಲು ಅವಕಾಶ, ಕಾರಣಸಹಿತ ಲಿಖಿತ ಆದೇಶ.

ಪತ್ರವನ್ನು ಕಾವಲಿದ್ದ ಗೋದಾಮಿನ ಮಾಲೀಕರಿಗೆ ಕಳಿಸುವವರಿದ್ದಾರೆ. ವಜಾ ಮಾಡಿದ್ದು ಏಜೆನ್ಸಿಯಾದರೆ ಅದರ ಮೇಲ್ಮನವಿ ಅಧಿಕಾರಿಗೇ ಹೋಗಬೇಕು. ಆ ಅಧಿಕಾರಿ ಯಾರು, ಎಷ್ಟು ದಿನದೊಳಗೆ ಎಂಬುದು ಆದೇಶದಲ್ಲೋ ಸ್ಥಾಯಿ ಆದೇಶಗಳಲ್ಲೋ ಇರುತ್ತದೆ. ಸ್ಪೀಡ್ ಪೋಸ್ಟ್ ರಸೀದಿ ಅಥವಾ ಸೀಲು ಹಾಕಿದ ಸ್ವೀಕೃತಿ ಜೋಪಾನವಾಗಿರಲಿ. ಉತ್ತರ ಬರುವ ಮೊದಲೇ ‘ಫುಲ್ ಅಂಡ್ ಫೈನಲ್’ ಕಾಗದಕ್ಕೆ ಸಹಿ ಹಾಕಿಸಲು ಬಂದರೆ ಓದಿ ನೋಡಬೇಕು. ‘ಇನ್ನು ಯಾವ ಹಕ್ಕೂ ಇಲ್ಲ’ ಎಂಬ ಸಾಲಿದ್ದರೆ ಸಹಿ ಬೇಡ.

ಮೇಲ್ಮನವಿ ಬಾಕಿಯಿದೆ ಎಂದು ಕಾನೂನಿನ ಗಡುವು ಕಾಯುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಒಂದೆರಡು ತಿಂಗಳಲ್ಲಿ ಆಡಳಿತದವರ ಉತ್ತರ ಬಾರದಿದ್ದರೆ ಮೇಲ್ಮನವಿಯ ಪ್ರತಿ ಲಗತ್ತಿಸಿ ಸಂಧಾನಾಧಿಕಾರಿಯ ಬಳಿ ಅರ್ಜಿ ಹಾಕುವುದು ಕ್ಷೇಮ.