ಮೈಟಾಸಿಸ್–ಮಿಯಾಸಿಸ್ ವ್ಯತ್ಯಾಸ: ಕೋಷ್ಟಕ ಹೀಗೆ ಬರೆಯಿರಿ

ಕೋಶ ವಿಭಜನೆಯ ದೀರ್ಘ ಪ್ರಶ್ನೆಗೆ ಉತ್ತರಿಸುವಾಗ ಹಲವು ವಿದ್ಯಾರ್ಥಿಗಳು ಎರಡೇ ಕಾಲಂ ಎಳೆಯುತ್ತಾರೆ. ಎಡಕ್ಕೆ ‘ದೇಹದ ಕೋಶಗಳಲ್ಲಿ ನಡೆಯುತ್ತದೆ’, ಅದರೆದುರಿಗೆ ‘ನಾಲ್ಕು ಕೋಶಗಳು ಉಂಟಾಗುತ್ತವೆ’. ಎರಡೂ ನಿಜವೇ, ಆದರೆ ಒಂದು ಜಾಗದ ಮಾತು, ಇನ್ನೊಂದು ಫಲಿತಾಂಶದ ಮಾತು. ಅದು ಹೋಲಿಕೆಯಾಗುವುದಿಲ್ಲ.

ಹಾಗಾಗಿ ಮೂರು ಕಾಲಂ ಎಳೆಯಿರಿ. ಮೊದಲನೆಯದಕ್ಕೆ ‘ಆಧಾರ’ ಎಂದು ತಲೆಬರಹ ಕೊಟ್ಟು, ಆ ಕಾಲಂ ಅನ್ನು ಮೇಲಿಂದ ಕೆಳಗೆ ಪೂರ್ತಿ ಬರೆದುಕೊಳ್ಳಿ. ವಿಭಜನೆ ನಡೆಯುವ ಕ್ರಮದಲ್ಲೇ ಸಾಲುಗಳಿದ್ದರೆ ಒಂದು ಸಾಲು ಮುಂದಿನದನ್ನು ನೆನಪಿಸುತ್ತದೆ. ಬಳಿಕ ಅಡ್ಡಡ್ಡವಾಗಿ ತುಂಬಿ. ಪ್ರಯೋಗಾಲಯದಲ್ಲಿ ನೋಡುವ ಈರುಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ದೇಹದ ಕೋಶದಲ್ಲಿ 16 ವರ್ಣತಂತುಗಳಿವೆ.

| ಆಧಾರ | ಮೈಟಾಸಿಸ್ | ಮಿಯಾಸಿಸ್ |
|---|---|---|
| ಎಲ್ಲಿ | ಹೆಚ್ಚಾಗಿ ದೇಹದ ಕೋಶಗಳಲ್ಲಿ, ಬೇರಿನ ತುದಿ | ಸಂತಾನೋತ್ಪತ್ತಿ ಅಂಗಗಳ ಮಾತೃಕೋಶಗಳಲ್ಲಿ, ಪರಾಗಕೋಶ |
| ಎಷ್ಟು ವಿಭಜನೆ | ಒಂದು | ಎರಡು |
| ಸಮರೂಪಿ ವರ್ಣತಂತುಗಳು | ಜೋಡಿಯಾಗುವುದಿಲ್ಲ | ಜೋಡಿಯಾಗುತ್ತವೆ; ಕ್ರಾಸಿಂಗ್ ಓವರ್ ನಡೆಯುತ್ತದೆ |
| ಬೇರಾಗುವುದು | ಸೋದರಿ ಕ್ರೊಮ್ಯಾಟಿಡ್‌ಗಳು | ಮೊದಲು ಸಮರೂಪಿಗಳು, ನಂತರ ಸೋದರಿ ಕ್ರೊಮ್ಯಾಟಿಡ್‌ಗಳು |
| ಮರಿಕೋಶಗಳು | 2. ತಲಾ 16 ವರ್ಣತಂತು | 4. ತಲಾ 8 ವರ್ಣತಂತು |
| ಆನುವಂಶಿಕ ಗುಣ | ತಾಯಿಕೋಶದಂತೆಯೇ | ಬೇರೆ ಬೇರೆ |

ಮೊದಲ ಸಾಲಿನಲ್ಲಿ ‘ದೇಹದ ಕೋಶಗಳಲ್ಲಿ ಮಾತ್ರ’ ಎಂದು ಬರೆಯಬೇಡಿ. ಗಂಡು ಜೇನ್ನೊಣದಲ್ಲಿ ವೀರ್ಯಾಣು ತಯಾರಾಗುವುದೂ ಮೈಟಾಸಿಸ್‌ನಿಂದಲೇ.

ಹೆಚ್ಚು ತಪ್ಪಾಗುವುದು ವರ್ಣತಂತುಗಳ ಸಂಖ್ಯೆಯಲ್ಲಿ. ವಿಭಜನೆ ಎರಡು ಸಲ, ಆದ್ದರಿಂದ ಎರಡು ಸಲವೂ ಅರ್ಧವಾಗುತ್ತದೆ ಎಂದುಕೊಂಡು 16, 8, 4 ಎಂದು ಇಳಿಸಿಬಿಡುತ್ತಾರೆ. ನಿಜವಾಗಿ ಆಗುವುದೇ ಬೇರೆ. ವಿಭಜನೆಗೆ ಮುಂಚೆ ಡಿಎನ್‌ಎ ಒಮ್ಮೆ ಇಮ್ಮಡಿಯಾಗಿರುತ್ತದೆ, ಹಾಗಾಗಿ ಪ್ರತಿ ವರ್ಣತಂತುವಿನಲ್ಲೂ ಎರಡು ಕ್ರೊಮ್ಯಾಟಿಡ್‌ಗಳಿರುತ್ತವೆ. ಮೊದಲ ಮಿಯಾಸಿಸ್‌ನಲ್ಲಿ 8 ಜೋಡಿಗಳು ಬೇರಾಗಿ ಒಂದೊಂದು ಕೋಶಕ್ಕೂ 8 ವರ್ಣತಂತುಗಳು ಸಿಗುತ್ತವೆ. ಸಂಖ್ಯೆ ಅರ್ಧವಾಗುವುದು ಇಲ್ಲಿಯೇ. ಆದರೆ ಆ ಎಂಟರಲ್ಲೂ ಎರಡೆರಡು ಕ್ರೊಮ್ಯಾಟಿಡ್‌ಗಳು ಹಾಗೇ ಉಳಿದಿರುತ್ತವೆ. ಎರಡನೇ ವಿಭಜನೆಗೆ ಮುಂಚೆ ಡಿಎನ್‌ಎ ಮತ್ತೆ ಇಮ್ಮಡಿಯಾಗುವುದಿಲ್ಲ; ಈ ಕ್ರೊಮ್ಯಾಟಿಡ್‌ಗಳೇ ಬೇರಾಗುತ್ತವೆ. ಎಂಟು ಎಂಟಾಗಿಯೇ ಉಳಿಯುತ್ತದೆ. ನಿಮ್ಮ ಉತ್ತರದಲ್ಲಿ 4 ವರ್ಣತಂತು ಬಂದಿದ್ದರೆ ಎರಡನೇ ಸಲವೂ ಅರ್ಧ ಮಾಡಿದ್ದೀರಿ ಎಂದೇ ಅರ್ಥ.

ಕೋಷ್ಟಕದ ಕೆಳಗೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಬರೆಯಿರಿ: ಮೈಟಾಸಿಸ್‌ನ ಮೆಟಾಫೇಸ್ ಮತ್ತು ಮೊದಲ ಮಿಯಾಸಿಸ್‌ನ ಮೆಟಾಫೇಸ್. ಹದಿನಾರು ವರ್ಣತಂತು ಬಿಡಿಸಲು ಹೊತ್ತಿರುವುದಿಲ್ಲ, ನಾಲ್ಕು ಸಾಕು. ಎಡ ಚಿತ್ರದಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿ ಬಿಡಿಬಿಡಿಯಾಗಿ ನಿಂತಿರಲಿ. ಬಲ ಚಿತ್ರದಲ್ಲಿ ಎರಡು ಜೋಡಿಗಳಾಗಿ, ಪ್ರತಿ ಜೋಡಿಯ ಎರಡೂ ನಡುಗೆರೆಯ ಆಚೀಚೆ ಎದುರುಬದುರಾಗಿರಲಿ. ಎರಡು ಬಣ್ಣದ ಪೆನ್ಸಿಲ್ ಇದ್ದರೆ ಜೋಡಿಯಲ್ಲಿ ಒಂದಕ್ಕೆ ಒಂದು ಬಣ್ಣ ಕೊಟ್ಟು, ಕ್ರಾಸಿಂಗ್ ಓವರ್ ಆದ ತುದಿಯಲ್ಲಿ ಬಣ್ಣ ಅದಲು ಬದಲು ಮಾಡಿ.