‘ಚೆಕ್’ ಎಂದರೆ ಏನನ್ನು ನೋಡಬೇಕು?

ಅಲ್ ಕೂಜ್‌ನಲ್ಲಿ ವಾಸಿಸುವ ನಮ್ಮ ಏಳನೇ ತರಗತಿಯ ವಿದ್ಯಾರ್ಥಿಯೊಬ್ಬ ‘ನೀರಿನ ಉಳಿತಾಯ’ ಎಂಬ ಪ್ರಬಂಧವನ್ನು ಕಳುಹಿಸಿದ್ದ. ಜೊತೆಗೆ ಒಂದೇ ಪದ: ‘ಚೆಕ್’. ಏನನ್ನು ನೋಡಬೇಕು? ಭಾಷೆಯನ್ನೋ, ವಾದವನ್ನೋ, ಸ್ವಂತಿಕೆಯನ್ನೋ? ಮೂರೂ ಬೇರೆ ಬೇರೆ. ಆದ್ದರಿಂದ ನಾವು ಅದನ್ನು ಮೂರು ಸಲ ಓದಿದೆವು.

ಮೊದಲ ಓದು ವಾದಕ್ಕೆ. ಮಳೆನೀರು ಸಂಗ್ರಹಿಸಿದರೆ ದುಬೈಗೆ ನೀರಿನ ಕೊರತೆಯೇ ಇರದು ಎಂದು ಅವನು ಬರೆದಿದ್ದ. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ, ಇಲ್ಲಿ ಬೀಳುವುದು ಸರಾಸರಿ ಸುಮಾರು 100 ಮಿ.ಮೀ. ಮಾತ್ರ. ಇಲ್ಲಿನ ಕುಡಿಯುವ ನೀರಿನ ಬಹುಪಾಲು ಜೆಬೆಲ್ ಅಲಿಯಲ್ಲಿ ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಪಡೆದದ್ದು. ಹೀಗಾಗಿ ಕಾರಣಕ್ಕೂ ತೀರ್ಮಾನಕ್ಕೂ ಹೊಂದಿಕೆಯಿಲ್ಲ.

ಎರಡನೇ ಓದು ಸ್ವಂತಿಕೆಗೆ. ಉಳಿದೆಡೆ ತಪ್ಪುಗಳಿದ್ದರೂ ಒಂದು ಪ್ಯಾರಾದಲ್ಲಿ ಒಂದೂ ಇರಲಿಲ್ಲ. ಅದರಲ್ಲಿ ‘ನಮ್ಮೂರ ಕೆರೆಗಳ ಹೂಳು’, ‘ಅಂತರ್ಜಲ ಮರುಪೂರಣ’ ಎಂಬ ಮಾತುಗಳಿದ್ದವು. ಇಷ್ಟರಿಂದಲೇ ನಕಲು ಎನ್ನಲಾಗದು. ಊರಿನಲ್ಲಿರುವ ಅಜ್ಜ ಹೇಳಿಕೊಟ್ಟಿರಬಹುದು. ಆದ್ದರಿಂದ ಕೇಳಿದೆವು: “ಅಂತರ್ಜಲ ಅಂದರೆ ಏನಪ್ಪಾ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಸ್ತಕದಲ್ಲಿತ್ತು ಟೀಚರ್” ಎಂದ. ಗದರಲಿಲ್ಲ. ಅದನ್ನು ಅರ್ಥಮಾಡಿಕೊಂಡು ನಿನ್ನ ಮಾತಿನಲ್ಲಿ ಬರೆದು ಪುಸ್ತಕದ ಹೆಸರು ಹೇಳು, ಇಲ್ಲವೇ ಬಿಟ್ಟುಬಿಡು ಎಂದೆವು. ಮಳೆನೀರಿನ ವಾದವೂ ಆ ಪುಸ್ತಕದಿಂದಲೇ ಬಂದಿತ್ತು!

ಭಾಷೆಯ ಓದು ಕೊನೆಗೆ. ಬಿಟ್ಟುಬಿಡಬೇಕಾದ ಪ್ಯಾರಾದ ಕಾಗುಣಿತ ತಿದ್ದಿ ಪ್ರಯೋಜನವೇನು? ಹೆಚ್ಚು ತಪ್ಪಿದ್ದ ವಾಕ್ಯ ಇದು: “ಎಸಿಯಿಂದ ನೀರು ಬೀಳುತ್ತಾರೆ, ಅಮ್ಮ ಅದನ್ನು ಗಿಡಕ್ಕೆ ಹಾಕುತ್ತದೆ.” ಕ್ರಿಯಾಪದಗಳ ಪ್ರತ್ಯಯಗಳು ಅದಲುಬದಲಾಗಿವೆ. ನೀರು ನಪುಂಸಕಲಿಂಗ, ಆದ್ದರಿಂದ ‘ಬೀಳುತ್ತದೆ’. ಅಮ್ಮನಿಗೆ ಗೌರವದ ಬಹುವಚನ, ‘ಹಾಕುತ್ತಾರೆ’. ಎರಡೇ ಪದ ತಿದ್ದಿದರೆ ಸಾಕು. ಆದರೆ ಇಡೀ ಪ್ರಬಂಧದಲ್ಲಿ ಅವನು ಕಣ್ಣಾರೆ ಕಂಡು ಬರೆದದ್ದು ಇದೊಂದೇ! ಕೆಂಪು ಶಾಯಿಯ ಗೀಟು ಮಾತ್ರ ಎಳೆದಿದ್ದರೆ, ಇದೇ ಕೆಟ್ಟ ವಾಕ್ಯವೆಂದು ಅವನು ಅಳಿಸಿಬಿಡುತ್ತಿದ್ದನೇನೋ.

“ರಾತ್ರಿಗೆ ಎಷ್ಟು ನೀರು ಸೇರುತ್ತದೆ, ಅಳೆದು ಬಾ” ಎಂದೆವು. ಅರ್ಧ ಬಕೆಟ್ ಎಂದು ತಿಳಿಸಿದ. ಬಾಲ್ಕನಿಯ ಆರು ಕುಂಡಗಳಿಗೆ ಅಷ್ಟು ಸಾಕಂತೆ. ಹೊಸ ಪ್ರಬಂಧ ಅಲ್ಲಿಂದಲೇ ಆರಂಭವಾಯಿತು. ಮೊದಲಿನದಕ್ಕಿಂತ ಚಿಕ್ಕದು, ಆದರೆ ಅವನದೇ.

ಮಕ್ಕಳೇ, ಮುಂದಿನ ಸಲ ‘ಚೆಕ್’ ಎನ್ನುವ ಬದಲು ಒಂದು ಸಾಲು ಬರೆಯಿರಿ: “ನನ್ನ ಎರಡನೇ ಕಾರಣ ಸರಿಯೇ?” ಅಥವಾ “ಈ ಭಾಗ ಪುಸ್ತಕದ್ದು, ಹೀಗೆ ಬಳಸಬಹುದೇ?” ಪೋಷಕರೇ, ಮನೆಯಲ್ಲಿ ಕಾಗುಣಿತ ತಿದ್ದುವ ಮೊದಲು ಒಂದು ಪ್ರಶ್ನೆ ಕೇಳಿ: “ಇದರಲ್ಲಿ ನೀನೇ ನೋಡಿದ್ದು ಯಾವುದು?”