ಅಂಟಿಕೊಂಡ ಮಾತ್ರಕ್ಕೆ ಚಾರ್ಜ್ ಆಗುವುದಿಲ್ಲ

ಮಗೂ, ಸ್ಮಾರ್ಟ್ ವಾಚಿನ ಚಾರ್ಜರ್ ಕಳೆದುಕೊಂಡವರು ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ವಾಚನ್ನು ಜೇಬಿಗೆ ಹಾಕಿಕೊಂಡು ಮೊಬೈಲ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಡಬ್ಬಿಯಿಂದ ಒಂದೊಂದೇ ಮ್ಯಾಗ್ನೆಟ್ ಕೇಬಲ್ ತೆಗೆದು ಹಿಂಬದಿಗೆ ಹಿಡಿಯುತ್ತಾನೆ. ಯಾವುದು ಟಕ್ಕನೆ ಕೂರುತ್ತದೋ ಅದಕ್ಕೆ ದುಡ್ಡು ಕೊಟ್ಟು ಮನೆಗೆ ಬರುತ್ತಾರೆ. ರಾತ್ರಿಯೆಲ್ಲ ಹಾಕಿಟ್ಟರೂ ವಾಚ್ ಕಣ್ಣು ಬಿಡುವುದಿಲ್ಲ. ಮರುದಿನ ಕೇಳಿದರೆ 'ಬ್ಯಾಟರಿ ಹೋಗಿದೆ' ಎಂಬ ಉತ್ತರ. ನಿನಗೂ ಹಾಗಾಗಬಾರದು ಅಂತಲೇ ಇಷ್ಟು ಹೇಳುತ್ತಿದ್ದೇನೆ, ಸಮಾಧಾನವಾಗಿ ಕೇಳು.

ಮೊದಲು ವಾಚನ್ನು ಮಗುಚಿ ಹಿಂಬದಿ ನೋಡು. ಹೊಳೆಯುವ ಸಣ್ಣ ಲೋಹದ ಚುಕ್ಕೆಗಳು ಇದ್ದರೆ ಮಾತ್ರ ಅದು ಪಿನ್ ಕೇಬಲ್‌ನ ವಾಚು. ಆಪಲ್ ವಾಚಿನಂಥವಕ್ಕೂ ಚಾರ್ಜರ್ ಮ್ಯಾಗ್ನೆಟ್‌ನಿಂದಲೇ ಅಂಟಿಕೊಳ್ಳುತ್ತದೆ, ಆದರೆ ಅಲ್ಲಿ ಪಿನ್ನೇ ಇಲ್ಲ. ಒಳಗಿನ ತಂತಿ ಸುರುಳಿಗಳ ಮೂಲಕ ವಿದ್ಯುತ್ ದಾಟುತ್ತದೆ. ಅವುಗಳ ಲೆಕ್ಕವೇ ಬೇರೆ, ಇಲ್ಲಿ ಬೇಡ.

ಚುಕ್ಕೆಗಳಿರುವ ವಾಚಿಗೆ ಬರುವ ಕೇಬಲ್ಲಿನ ತುದಿಯಲ್ಲಿ ಪೋಗೋ ಪಿನ್ನುಗಳು ಇರುತ್ತವೆ. ಪುಟ್ಟ ಕೊಳವೆ, ಅದರೊಳಗೆ ಸ್ಪ್ರಿಂಗ್, ಅದರ ತುದಿಗೆ ಮೇಲೆ-ಕೆಳಗೆ ಆಡುವ ಮೊನೆ. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಮ್ಯಾಗ್ನೆಟ್ಟಿನ ಕೆಲಸ ಕೇಬಲ್ಲನ್ನು ಹಿಡಿದಿಡುವುದು ಅಷ್ಟೆ. ಕರೆಂಟ್ ದಾಟುವುದು ಈ ಮೊನೆ ವಾಚಿನ ಚುಕ್ಕೆಗೆ ಸರಿಯಾಗಿ ತಾಗಿದಾಗ. ಹಾಗಾಗಿ ಅಂಟಿಕೊಳ್ಳುವುದು ಬೇರೆ, ಹೊಂದುವುದು ಬೇರೆ.

ಹೊಂದಬೇಕಾದ ಮೊದಲನೆಯದು ಪಿನ್ನುಗಳ ನಡುವಿನ ಅಂತರ. ಎರಡು ಪಿನ್ನಿನ ಕೇಬಲ್ ಮಾರುಕಟ್ಟೆಯಲ್ಲಿ ಹೆಚ್ಚಾಗಿ 2.84 ಮಿ.ಮೀ. ಮತ್ತು 4 ಮಿ.ಮೀ. ಎಂಬ ಅಳತೆಯಲ್ಲಿ ಸಿಗುತ್ತದೆ. ನಾಲ್ಕು ಪಿನ್ನಿನದರಲ್ಲಿ 7.62 ಮಿ.ಮೀ. ಎಂದು ಬರೆದಿರುತ್ತಾರೆ. ಅದು ಮೊದಲ ಪಿನ್ನಿಗೂ ಕೊನೆಯ ಪಿನ್ನಿಗೂ ಇರುವ ದೂರ, ಪಕ್ಕಪಕ್ಕದ ಪಿನ್ನಿನದಲ್ಲ. ಈ ಅಳತೆಗಳನ್ನು ಪಿನ್ನಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ತೆಗೆಯುತ್ತಾರೆ. ಇಷ್ಟು ಸಣ್ಣ ಚುಕ್ಕೆಯ ಮಧ್ಯ ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅದಕ್ಕೆ ಒಂದು ಚುಕ್ಕೆಯ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆ. ಚುಕ್ಕೆಗಳು ಒಂದೇ ಗಾತ್ರದವಾದರೆ ಉತ್ತರ ಅದೇ ಬರುತ್ತದೆ. ಸ್ಕೂಲಿನ ಸ್ಕೇಲನ್ನು ಚುಕ್ಕೆಗಳಿಗೆ ತಾಗಿಸಿಟ್ಟು, ಮೊಬೈಲನ್ನು ನೇರ ಮೇಲೆ ಹಿಡಿದು ಫೋಟೊ ತೆಗೆ, ಆಮೇಲೆ ದೊಡ್ಡದು ಮಾಡಿ ನೋಡು. 2.84 ಕ್ಕೂ 4 ಕ್ಕೂ ಇರುವ ವ್ಯತ್ಯಾಸ ಫೋಟೊದಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಳತೆ ತಪ್ಪಿದ ಕೇಬಲ್ಲೂ ಮ್ಯಾಗ್ನೆಟ್ಟಿಗೆ ಅಂಟಿಕೊಳ್ಳಬಹುದು. ಒಂದು ಪಿನ್ ಚುಕ್ಕೆಯ ಮೇಲೆ, ಇನ್ನೊಂದು ಪ್ಲಾಸ್ಟಿಕ್ಕಿನ ಮೇಲೆ ಕೂತರೆ ಚಾರ್ಜ್ ಎಲ್ಲಿಂದ ಆಗಬೇಕು?

ಅಳತೆ ಸರಿಯಾಯಿತು ಅಂದುಕೋ. ಇನ್ನೂ ಒಂದು ಬಾಕಿ ಇದೆ, ಮತ್ತು ಜನ ಎಡವುವುದು ಇಲ್ಲೇ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ?

ಈ ಪ್ರಶ್ನೆಯೇ ಏಳದಂತೆ ಮಾಡಿದ ಚಾರ್ಜರ್ ಒಂದಿದೆ. 2006ರಲ್ಲಿ ಆಪಲ್ ಕಂಪನಿ ತನ್ನ ಲ್ಯಾಪ್‌ಟಾಪ್‌ಗೆ ಮ್ಯಾಗ್‌ಸೇಫ್ ಎಂಬ ಮ್ಯಾಗ್ನೆಟ್ ಚಾರ್ಜರ್ ತಂದಿತು. ಅದರಲ್ಲಿ ಐದು ಪಿನ್ನುಗಳು. ಎರಡು ತುದಿಯವು ಮೈನಸ್, ಅವುಗಳ ಒಳಗಿನ ಎರಡು ಪ್ಲಸ್, ನಡುವಿನದು ಚಾರ್ಜರ್ ಯಾವುದೆಂದು ಗುರುತಿಸಲು. ಎಡಬಲ ಒಂದೇ ಇರುವುದರಿಂದ ಹೇಗೆ ಹಾಕಿದರೂ ಪ್ಲಸ್ಸಿಗೆ ಪ್ಲಸ್ಸೇ ಸೇರುತ್ತದೆ. ಎರಡೇ ಪಿನ್ನಿನಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ವಾಚಿನ ಕೇಬಲ್ಲಿನಲ್ಲಿ ಪ್ಲಸ್-ಮೈನಸ್ ಅದಲುಬದಲಾಗದಂತೆ ಕಾಯುವ ಕೆಲಸವನ್ನು ಮ್ಯಾಗ್ನೆಟ್‌ಗಳಿಗೆ ಒಪ್ಪಿಸಿದ್ದಾರೆ. ಒಂದು ಮ್ಯಾಗ್ನೆಟ್ಟಿನ ಉತ್ತರ ಧ್ರುವ ಹೊರಗೆ, ಇನ್ನೊಂದರ ದಕ್ಷಿಣ ಧ್ರುವ ಹೊರಗೆ. ವಾಚಿನೊಳಗೆ ಅದಕ್ಕೆ ತಕ್ಕ ಜೋಡಿ. ಸರಿಯಾದ ದಿಕ್ಕಿನಲ್ಲಿ ಹಿಡಿದರೆ ಸೆಳೆಯುತ್ತದೆ, ತಿರುಗಿಸಿ ಹಿಡಿದರೆ ದೂರ ತಳ್ಳುತ್ತದೆ.

ಈ ಏರ್ಪಾಡು ಮೂಲ ಕೇಬಲ್ಲಿಗೂ ಅದರ ವಾಚಿಗೂ ಮಾತ್ರ ಒಪ್ಪಂದ. ಎಲ್ಲ ಕಂಪನಿಯವರೂ ಪ್ಲಸ್ ಇದೇ ಕಡೆ ಇರಲಿ, ಉತ್ತರ ಧ್ರುವ ಇದೇ ಕಡೆ ಇರಲಿ ಎಂದು ಒಂದೇ ನಿಯಮ ಇಟ್ಟುಕೊಂಡಿಲ್ಲ. ಹಾಗಾಗಿ ಅಂತರ ಅದೇ 2.84 ಇದ್ದು, ಮ್ಯಾಗ್ನೆಟ್ ಚೆನ್ನಾಗಿ ಹಿಡಿದು, ಪ್ಲಸ್ ಹೋಗಿ ಮೈನಸ್ಸಿಗೆ ತಾಗುವ ಕೇಬಲ್‌ಗಳೂ ಡಬ್ಬಿಯಲ್ಲಿ ಇರುತ್ತವೆ. ಉಲ್ಟಾ ಕರೆಂಟನ್ನು ತಡೆಯುವ ವ್ಯವಸ್ಥೆ ವಾಚಿನೊಳಗೆ ಇದ್ದರೆ ಚಾರ್ಜ್ ಆಗುವುದಿಲ್ಲ ಅಷ್ಟೆ, ಬೇರೆ ತೊಂದರೆ ಇಲ್ಲ. ಅದಿಲ್ಲದ ಅಗ್ಗದ ವಾಚಾದರೆ ಒಳಗಿನ ಚಾರ್ಜಿಂಗ್ ಐಸಿ ಸುಟ್ಟುಹೋಗಬಹುದು. ಹೊಸ ಕೇಬಲ್ ಹಾಕಿದ ಕೂಡಲೇ ಹಿಂಬದಿ ಬಿಸಿಯಾಗತೊಡಗಿದರೆ ಆ ಕ್ಷಣವೇ ಕಿತ್ತುಬಿಡು.

ಪ್ಲಸ್-ಮೈನಸ್ ಉಲ್ಟಾ ಇರುವುದನ್ನು ಪತ್ತೆ ಮಾಡುವುದು ಹೇಗೆಂದು ಒಬ್ಬ ಹುಡುಗಿಯ ವಾಚಿನ ಉದಾಹರಣೆಯಲ್ಲೇ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ಕೇಬಲ್ ಕಳೆದು ಹೊಸದು ತಂದಿದ್ದಳು. ಅಂಟಿಕೊಳ್ಳುತ್ತಿತ್ತು, ಚಾರ್ಜ್ ಇಲ್ಲ. ಅವಳ ರೂಮ್‌ಮೇಟ್ ಹತ್ತಿರ ಅದೇ ಮಾಡೆಲ್ ವಾಚು ಮೂಲ ಕೇಬಲ್ ಸಮೇತ ಇತ್ತು, ಅದನ್ನೂ ತರಲು ಹೇಳಿದೆ. ಕೇಬಲ್ಲಿಗೆ ಕರೆಂಟ್ ಕೊಡದೆ, ಮೊದಲು ಮೂಲ ಕೇಬಲ್ಲನ್ನು ವಾಚಿಗೆ ಅಂಟಿಸಿದೆವು. ಅಂಟಿರುವಾಗಲೇ ವಾಚಿನ ಬಟನ್ ಇರುವ ಪಕ್ಕಕ್ಕೆ ಬರುವ ಕೇಬಲ್ಲಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಹಾಕಿದೆವು. ಹೊಸ ಕೇಬಲ್ಲಿಗೂ ಹಾಗೆಯೇ. ಈ ಗೆರೆ ಬಹಳ ಮುಖ್ಯ ಮಗೂ. ಕೇಬಲ್ಲನ್ನು ಮಗುಚಿ ಪಿನ್ ನೋಡುವಾಗ ಎಡದ್ದು ಬಲಕ್ಕೆ ಬಂದುಬಿಡುತ್ತದೆ. ಎಡ, ಬಲ ಎಂದು ನೆನಪಿಟ್ಟುಕೊಂಡವರೆಲ್ಲ ಗೊಂದಲಕ್ಕೆ ಬೀಳುತ್ತಾರೆ. 'ಬಟನ್ ಕಡೆಯ ಪಿನ್' ಅಂದರೆ ಗೊಂದಲವೇ ಇಲ್ಲ.

ಆಮೇಲೆ ಕೇಬಲ್ಲನ್ನು ಮೊಬೈಲಿನ ಸಾಧಾರಣ ಅಡಾಪ್ಟರಿಗೆ ಹಾಕಿ, ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ಗೆರೆಯ ಕಡೆಯ ಪಿನ್ನಿಗೆ, ಕಪ್ಪನ್ನು ಇನ್ನೊಂದಕ್ಕೆ ಮುಟ್ಟಿಸಿದೆವು. ಮೂಲ ಕೇಬಲ್ ಐದು ವೋಲ್ಟಿಗೆ ತುಸು ಮೇಲೆ ತೋರಿಸಿತು. ಹೊಸದೂ ಅಷ್ಟೇ ತೋರಿಸಿತು, ಆದರೆ ಅಂಕಿಯ ಮುಂದೆ ಮೈನಸ್ ಗುರುತು. ಅಂದರೆ ಮೂಲದಲ್ಲಿ ಬಟನ್ ಕಡೆ ಪ್ಲಸ್, ಹೊಸದರಲ್ಲಿ ಬಟನ್ ಕಡೆ ಮೈನಸ್. ಬ್ಯಾಟರಿಗೆ ಏನೂ ಆಗಿರಲಿಲ್ಲ. ಗೆಳತಿಯ ಕೇಬಲ್ ಹಾಕಿದ ಮೇಲೆ ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಚಾರ್ಜಿಂಗ್ ಚಿತ್ರ ಬಂತು.

ಅಳೆಯುವಾಗ ಕಡ್ಡಿಗಳ ಮೊನೆ ಒಂದಕ್ಕೊಂದು ತಾಗದಂತೆ ಎರಡನ್ನೂ ಹೊರಮುಖವಾಗಿ ಓರೆ ಹಿಡಿ. ಮೂರು ಮಿಲಿಮೀಟರಿಗಿಂತ ಕಡಿಮೆ ಜಾಗ, ಕೈ ಜಾರಿದರೆ ಶಾರ್ಟ್ ಆಗುತ್ತದೆ. ಸೋಲ್ಡರಿಂಗ್ ಬಲ್ಲವರು ಎರಡು ಪಿನ್ನಿನ ಕೇಬಲ್ಲನ್ನು ನಡುವೆ ಕತ್ತರಿಸಿ ಕೆಂಪು-ಕಪ್ಪು ತಂತಿಗಳನ್ನು ಅದಲುಬದಲು ಮಾಡಿ ಬೆಸೆದು ಸರಿ ಮಾಡಿಕೊಳ್ಳಬಹುದು. ಬಾರದಿದ್ದರೆ ವಾಪಸ್ ಕೊಡು. ಅದೇ ಮಾಡೆಲಿನ ಇನ್ನೊಂದು ವಾಚು ಕೈಗೆ ಸಿಗದಿದ್ದರೆ ಹಿಂಬದಿಯಲ್ಲಿ ಪ್ಲಸ್ ಗುರುತು ಇದೆಯೇ ನೋಡು. ಅದೂ ಇಲ್ಲದಿದ್ದರೆ ಊಹೆಯ ಮೇಲೆ ಕೇಬಲ್ ಹಾಕಬೇಡ. ವಾಚಿನ ಮಾಡೆಲ್ ಹೆಸರು ಹೇಳಿ, ಅದಕ್ಕೇ ಎಂದು ಮಾರುವ ಕೇಬಲ್ ತರಿಸಿಕೋ. ನಾಲ್ಕು ಪಿನ್ನಿನ ವಾಚಿನಲ್ಲಂತೂ ಊಹೆ ಬೇಡವೇ ಬೇಡ. ಯಾವ ಎರಡರಲ್ಲಿ ಕರೆಂಟ್ ಬರುತ್ತದೆ, ಉಳಿದೆರಡು ಡೇಟಾಕ್ಕೋ ಸುಮ್ಮನೆ ಖಾಲಿಯೋ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬದಲಾಗುತ್ತದೆ.

ಸರಿಯಾದ ಕೇಬಲ್ ಇದ್ದೂ ಚಾರ್ಜ್ ನಿಂತರೆ ಪಿನ್ನುಗಳನ್ನೇ ನೋಡಬೇಕು. ಮರದ ಹಲ್ಲುಕಡ್ಡಿಯಿಂದ ಒಂದೊಂದನ್ನೇ ಮೆಲ್ಲಗೆ ಒತ್ತಿ ಬಿಡು. ಎಲ್ಲವೂ ಒಂದೇ ಎತ್ತರಕ್ಕೆ ಎದ್ದು ಬರಬೇಕು. ಒಂದು ಕೆಳಗೇ ಉಳಿದರೆ ಅದರ ಕೊಳವೆಯಲ್ಲಿ ಕೊಳೆ ಸಿಕ್ಕಿಕೊಂಡಿದೆ. ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಹತ್ತಾರು ಸಲ ಒತ್ತಿ ಬಿಟ್ಟರೆ ಎಷ್ಟೋ ಸಲ ಬಿಡುಗಡೆಯಾಗುತ್ತದೆ. ವಾಚಿನ ಚುಕ್ಕೆಗಳನ್ನು ಅದೇ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒರೆಸು. ಬ್ಲೇಡು, ಉಪ್ಪುಕಾಗದ ಮುಟ್ಟಿಸಬೇಡ. ಮೇಲಿನ ಲೇಪ ಬಹಳ ತೆಳು, ಅದು ಹೋದರೆ ಕೆಳಗಿನ ಲೋಹ ಬೇಗನೆ ಕಿಲುಬುಗಟ್ಟುತ್ತದೆ.

ಚುಕ್ಕೆಯೊಂದು ಕಪ್ಪಾಗಿ, ಹಸಿರಾಗಿ ತೂತು ಬಿದ್ದಂತೆ ಆಗಿದ್ದರೆ ಅದು ಬೆವರಿನ ಕೆಲಸ. ಓಡಿಬಂದು, ಒದ್ದೆ ವಾಚನ್ನೇ ಚಾರ್ಜಿಗೆ ಹಾಕುವವರಿಗೆ ಹೀಗಾಗುತ್ತದೆ. ಬೆವರಿನ ಉಪ್ಪುನೀರಿನಲ್ಲಿ ಎರಡು ಪಿನ್ನಿನ ನಡುವೆ ಐದು ವೋಲ್ಟ್ ಇದ್ದರೆ ಪ್ಲಸ್ ಕಡೆಯ ಲೋಹ ಕರಗುತ್ತಾ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಹಾಕಿದರೆ ಈ ತೊಂದರೆ ಇಲ್ಲ.

ಇಯರ್‌ಬಡ್ ಡಬ್ಬಿಯ ಗುಳಿಗಳಲ್ಲಿರುವುದೂ ಇದೇ ಪೋಗೋ ಪಿನ್ನುಗಳು. ಒಂದು ಕಿವಿಯದು ಮಾತ್ರ ಚಾರ್ಜ್ ಆಗುತ್ತಿಲ್ಲ ಎಂದರೆ ಬಡ್ಡನ್ನು ಗುಳಿಯಲ್ಲಿಟ್ಟು ಬೆರಳಿನಿಂದ ಸ್ವಲ್ಪ ಒತ್ತಿ ನೋಡು. ಒತ್ತಿದಾಗ ದೀಪ ಹತ್ತಿದರೆ ಬ್ಯಾಟರಿ ಸರಿಯಿದೆ, ಪಿನ್ ತಾಗುತ್ತಿಲ್ಲ ಅಷ್ಟೆ. ಕಿವಿಯ ಗುಗ್ಗೆ ಅಂಟಿರಬಹುದು. ಅಥವಾ ನೀನು ಹೊಸದಾಗಿ ಹಾಕಿದ ದಪ್ಪ ರಬ್ಬರ್ ಟಿಪ್ ಬಡ್ಡನ್ನು ಗುಳಿಯಲ್ಲಿ ಪೂರ್ತಿ ಕೂರಲು ಬಿಡದೆ ಎತ್ತಿ ಹಿಡಿದಿರಬಹುದು. ಹಳೆಯ ಟಿಪ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ. ವಾಚ್ ತೆಗೆದ ಮೇಲೂ ಸ್ವಿಚ್ ಆನ್ ಇದ್ದರೆ ಕೇಬಲ್ಲಿನ ಬರಿಯ ಪಿನ್ನಿನಲ್ಲಿ ಐದು ವೋಲ್ಟ್ ಇದ್ದೇ ಇರುತ್ತದೆ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಪಕ್ಕದಲ್ಲೇ ಮ್ಯಾಗ್ನೆಟ್ ಇದೆಯಲ್ಲ, ಮೇಜಿನ ಮೇಲಿನ ಬೀಗದ ಕೈ, ಪಿನ್ನು, ಹೇರ್‌ಕ್ಲಿಪ್ಪನ್ನು ತಾನೇ ಸೆಳೆದುಕೊಳ್ಳುತ್ತದೆ. ಅದು ಎರಡೂ ಪಿನ್ನಿಗೆ ಅಡ್ಡ ಬಿದ್ದರೆ ಶಾರ್ಟ್ ಆಗಿ ತುದಿಯ ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗಬಹುದು. ಹಾಸಿಗೆಯ ಮೇಲೆ ಆ ಕೇಬಲ್ ಬಿದ್ದಿರುವುದು ಬೇಡವೇ ಬೇಡ. ಚಾರ್ಜ್ ಮುಗಿದರೆ ಮೊದಲು ಸ್ವಿಚ್ ಆಫ್ ಮಾಡು, ಆಮೇಲೆ ವಾಚ್ ತೆಗೆ.

ಈಗ ನಿನ್ನ ಮೂಲ ಕೇಬಲ್ ಇನ್ನೂ ಕೈಯಲ್ಲೇ ಇದೆ. ಇವತ್ತೇ ಅದರ ಪಿನ್ ಎಷ್ಟು, ಅಂತರ ಎಷ್ಟು, ಬಟನ್ ಕಡೆ ಪ್ಲಸ್ಸೋ ಮೈನಸ್ಸೋ ಎಂದು ಅಳೆದು ವಾರಂಟಿ ಕಾರ್ಡಿನ ಹಿಂದೆ ಬರೆದಿಡು, ಸ್ಕೇಲ್ ಇಟ್ಟು ತೆಗೆದ ಫೋಟೊವನ್ನೂ ಉಳಿಸಿಕೋ. ಮಲ್ಟಿಮೀಟರ್ ಇಲ್ಲದಿದ್ದರೆ ಹತ್ತಿರದ ರಿಪೇರಿ ಅಂಗಡಿಯಲ್ಲಿ ಕೇಳು, ಒಂದು ನಿಮಿಷದ ಕೆಲಸ ಅದು.